ಮುಚ್ಚಿದ ಶಾಖೆ, ಉಳಿದ ತಿಂಗಳುಗಳ ಶುಲ್ಕ

‘ಒಮ್ಮೆ ಕಟ್ಟಿದ ಶುಲ್ಕ ಹಿಂತಿರುಗಿಸುವುದಿಲ್ಲ’ ಎಂದು ಕೋಚಿಂಗ್ ಕೇಂದ್ರದ ರಸೀದಿಯಲ್ಲೇ ಅಚ್ಚಾಗಿದೆಯಲ್ಲ, ಇನ್ನೇನು ಕೇಳುವುದು ಎಂದು ಓದಿದವರೂ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ವಿದ್ಯಾರ್ಥಿಯೇ ಬಿಟ್ಟುಹೋದರೆ ಆ ಸಾಲಿನ ಬಗ್ಗೆ ವಾದ ಮಾಡಬಹುದು. ಸಂಸ್ಥೆಯೇ ಬಾಗಿಲು ಹಾಕಿದಾಗ ನಡೆಯದ ಪಾಠಕ್ಕೆ ಹಣ ಇಟ್ಟುಕೊಳ್ಳುವ ಹಕ್ಕನ್ನು ಆ ಸಾಲು ಕೊಡುವುದಿಲ್ಲ.

2025ರ ಜನವರಿಯಲ್ಲಿ ನೋಯ್ಡಾ, ಗಾಜಿಯಾಬಾದ್‌ಗಳಲ್ಲಿ ಫಿಟ್‌ಜೀ ಕೋಚಿಂಗ್ ಕೇಂದ್ರಗಳು ಮುಚ್ಚಿದಾಗ ಪೋಷಕರು ಪೊಲೀಸ್ ಠಾಣೆಗೆ ಹೋದರು. ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಂಥ ಊರಿನ ಪೋಷಕರಿಗೆ ಅಷ್ಟು ಗದ್ದಲ ಎಬ್ಬಿಸುವ ಬಲವಿಲ್ಲ. ಆದರೆ ಲೆಕ್ಕ ಹಾಕುವುದು ಯಾರಿಗೂ ಕಷ್ಟವಲ್ಲ. ಕೊಳ್ಳೇಗಾಲದ ಒಂದು ಶಾಖೆಗೆ ಎರಡು ವರ್ಷದ ನೀಟ್ ತರಬೇತಿಗೆ 84,000 ರೂಪಾಯಿ ಕಟ್ಟಿದ್ದೀರಿ, ಒಂಬತ್ತು ತಿಂಗಳಿಗೆ ಅದು ಮುಚ್ಚಿತು ಎಂದಿಟ್ಟುಕೊಳ್ಳಿ. ಕೈಸೇರಿದ ಪುಸ್ತಕಗಳಿಗೆ 6,000 ಕಳೆಯಿರಿ. ಉಳಿದ 78,000ವನ್ನು 24ರಿಂದ ಭಾಗಿಸಿದರೆ ತಿಂಗಳಿಗೆ 3,250. ಬಾಕಿ ಹದಿನೈದು ತಿಂಗಳಿಗೆ 48,750 ರೂಪಾಯಿ.

‘ಮೈಸೂರು ಶಾಖೆಗೆ ಬನ್ನಿ, ಇಲ್ಲವೇ ಆನ್‌ಲೈನ್ ನೋಡಿಕೊಳ್ಳಿ’ ಎಂಬ ಉತ್ತರ ಬರುತ್ತದೆ. ಇದನ್ನು ತಳ್ಳಿಹಾಕಲಾರೆ. ಮಗು ಒಪ್ಪಿದರೆ ವರ್ಷ ಉಳಿಯುತ್ತದೆ. ಆದರೆ ಒಪ್ಪುವುದು ಬಿಡುವುದು ಪೋಷಕರ ಇಷ್ಟ. ಮನೆಗೆ ಹತ್ತಿರ, ಎದುರಿಗೆ ಮೇಷ್ಟ್ರು ಎಂದು ನಂಬಿ ಕಟ್ಟಿದ ಹಣಕ್ಕೆ ಮೊಬೈಲ್ ಪರದೆ ಬದಲಿಯಾಗದು. ಮೈಸೂರಿಗೆ ಹೋದರೆ ಹಾಸ್ಟೆಲ್ ಖರ್ಚು ಬೇರೆ. ಒಮ್ಮೆ ಒಪ್ಪಿ ಆನ್‌ಲೈನ್ ಪಾಠ ಕೇಳಲು ತೊಡಗಿದರೆ ವಾದ ಸಡಿಲವಾಗುತ್ತದೆ. ಒಪ್ಪದಿದ್ದರೆ ಅದನ್ನು ಬರೆದೇ ತಿಳಿಸಬೇಕು.

ಫೋನಿನಲ್ಲಿ ಬೇಡುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ರಸೀದಿ, ಪ್ರವೇಶ ಅರ್ಜಿ, ಶಾಖೆ ಮುಚ್ಚಿದ ಸಂದೇಶ ಇವುಗಳ ಪ್ರತಿ ಇಟ್ಟು, ಮೇಲಿನ ಲೆಕ್ಕ ಬರೆದು, ಹದಿನೈದು ದಿನ ಗಡುವು ಕೊಟ್ಟು ಮುಖ್ಯ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದು ಸಂಸ್ಥೆಯನ್ನು ಒಪ್ಪಿಸಲು ನೋಡುತ್ತದೆ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗ.

ಸಂಸ್ಥೆಯ ಕಚೇರಿ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇದ್ದರೂ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಚಾಮರಾಜನಗರದಲ್ಲೇ, ದೂರು ಹೂಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಶಿಕ್ಷಣ ಸೇವೆಯಲ್ಲ ಎಂಬ ತಕರಾರನ್ನು ಸಂಸ್ಥೆ ಎತ್ತಬಹುದು. ಕೋಚಿಂಗ್ ಕೇಂದ್ರಗಳಿಗೆ ಆ ರಕ್ಷಣೆ ಇಲ್ಲವೆಂದು ರಾಷ್ಟ್ರೀಯ ಆಯೋಗ 2020ರಲ್ಲೇ ಹೇಳಿದೆ.

ಸಾಲದ ಕಂತಿನ ಮೇಲೆ ಶುಲ್ಕ ಕಟ್ಟಿದವರು ಮಾತ್ರ ಎಚ್ಚರವಾಗಿರಬೇಕು. ಪಾಠ ನಿಂತರೂ ಕಂತು ತಾನಾಗಿ ನಿಲ್ಲುವುದಿಲ್ಲ. ಸಾಲ ಕೊಟ್ಟ ಕಂಪನಿಗೂ ಅದೇ ಪತ್ರದ ಪ್ರತಿ ಹೋಗಬೇಕು. ಸಂಸ್ಥೆ ದಿವಾಳಿ ಪ್ರಕ್ರಿಯೆಗೆ ಹೋಗಿ ದಾವೆಗಳಿಗೆ ತಡೆ ಬಿದ್ದರೆ, ಅಲ್ಲಿ ನೇಮಕವಾದ ಅಧಿಕಾರಿಯ ಮುಂದೆ ಗಡುವಿನೊಳಗೆ ಹಕ್ಕು ಮಂಡಿಸಬೇಕು, ಪೂರ್ತಿ ಹಣ ಬರುವ ಖಾತ್ರಿ ಆಗ ಇರದು. ಅದಕ್ಕೇ ಶಾಖೆ ಮುಚ್ಚಿದ ವಾರದಲ್ಲೇ ಪತ್ರ ಹೊರಡಬೇಕು. ಆಯೋಗಕ್ಕೆ ಹೋಗಲು ಕಾನೂನು ಎರಡು ವರ್ಷ ಕೊಟ್ಟಿದೆ ನಿಜ, ಆದರೆ ಅಷ್ಟರಲ್ಲಿ ಸಂಸ್ಥೆಯ ಖಾತೆಯಲ್ಲಿ ಏನು ಉಳಿದಿರುತ್ತದೋ!