‘ಅಜ್ಜಿ ತೀರಿಕೊಂಡ್ರು’ ಅಂತ ಮ್ಯಾಚ್‌ಗೆ ಹೇಳೋದು ಹೇಗೆ?

ನಮ್ಮ ಕಾಲೇಜಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಬಂದಾಗಲೆಲ್ಲ ಯಾರದ್ದೋ ಒಬ್ಬರ ಅಜ್ಜಿ ತೀರಿಕೊಳ್ಳುತ್ತಾರೆ. ಕೆಲವರ ಅಜ್ಜಿಯಂತೂ ಪ್ರತಿ ಸೆಮಿಸ್ಟರ್‌ಗೂ ಒಮ್ಮೆ. ಹೀಗಾಗಿ ನನ್ನ ಅಜ್ಜಿ ನಿಜವಾಗಿಯೂ ಹೋದಾಗ, ಅದನ್ನು ಬರೆಯಲು ಕೂತರೆ ನನಗೇ ಅದು ಸುಳ್ಳು ಥರ ಕೇಳಿಸಿತು.

ಆ್ಯಪ್‌ನಲ್ಲಿ ಒಬ್ಬರ ಜೊತೆ ಎರಡು ವಾರದಿಂದ ಚಾಟ್ ನಡೀತಿತ್ತು. ಇನ್ನೂ ಭೇಟಿಯಾಗಿರಲಿಲ್ಲ, ‘ನೀವು’ ಹೋಗಿ ‘ನೀನು’ ಬಂದಿರಲಿಲ್ಲ. ಅವರ ಕೊನೆಯ ಮೆಸೇಜ್: ‘ಅಕ್ಕಿರೊಟ್ಟಿಗೆ ಎಣ್ಣೆಗಾಯಿನಾ, ಹುಚ್ಚೆಳ್ಳು ಚಟ್ನಿನಾ?’ ಅದನ್ನು ಓದಿದ ರಾತ್ರಿಯೇ ಮನೆಯಿಂದ ಫೋನ್ ಬಂತು. ಆಮೇಲೆ ಊರು, ಮೂರನೇ ದಿನದ ಹಾಲು-ತುಪ್ಪ, ಹನ್ನೊಂದನೇ ದಿನದ ತಿಥಿ, ಬಂದು ಹೋಗೋ ನೆಂಟರು. ಹಾಸ್ಟೆಲ್‌ಗೆ ವಾಪಸ್ ಬರುವ ಹೊತ್ತಿಗೆ ಮೂರು ವಾರ ಕಳೆದಿತ್ತು.

ರೂಮ್‌ಮೇಟ್ ಹೇಳಿದ: ‘ಬಿಡೋ, ಮುಖಾನೇ ನೋಡಿಲ್ಲ, ಅವರಿಗೇನು ಉತ್ತರ ಕೊಡೋದು? ಆ್ಯಪ್‌ನಲ್ಲಿ ಎಲ್ರೂ ಹಿಂಗೇ ಮಾಯ ಆಗ್ತಾರೆ.’ ಅವನ ಮಾತು ನಾನು ಒಪ್ಪಲ್ಲ. ಕ್ಲಾಸಿಗೆ ಮೂರು ವಾರ ಹೋಗದಿದ್ದರೆ ಬೆಂಚ್‌ಮೇಟ್ ಹೇಳ್ತಾನೆ, ‘ಅವನ ಮನೇಲಿ ಹಿಂಗಾಯ್ತಂತೆ’ ಅಂತ. ಸುದ್ದಿ ತಾನಾಗಿಯೇ ತಲುಪುತ್ತದೆ. ಮ್ಯಾಚ್‌ಗೆ ಮತ್ತು ನಮಗೆ ನಡುವೆ ಅಂಥ ಮೂರನೆಯವರು ಯಾರೂ ಇಲ್ಲ. ನಾವು ಹೇಳದಿದ್ದರೆ ಆ ಕಡೆ ಇರುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. ‘ನಾನೇನು ತಪ್ಪು ಕೇಳಿದೆ?’ ಅಂತ ಅವರು ತಮ್ಮ ಕೊನೆಯ ಮೆಸೇಜನ್ನೇ ಮತ್ತೆ ಮತ್ತೆ ಓದಿಕೊಳ್ಳುತ್ತಾರೆ. ಪಾಪ, ಕೇಳಿದ್ದು ಚಟ್ನಿ ಬಗ್ಗೆ.

ಸರಿ, ಬರೆಯೋದು ಹೇಗೆ? ನನ್ನ ಮೊದಲ ಡ್ರಾಫ್ಟ್ ಒಂದೂವರೆ ಸ್ಕ್ರೀನ್ ಇತ್ತು. ಆಸ್ಪತ್ರೆ, ಐಸಿಯು, ಅಪ್ಪ ಅತ್ತಿದ್ದು, ಐದು ಸಲ ‘ಸಾರಿ’. ಓದಿ ನೋಡಿದರೆ ಅದು ವಿಷಯ ತಿಳಿಸುತ್ತಿರಲಿಲ್ಲ, ಸಮಾಧಾನ ಮಾಡಿ ಅಂತ ಕೇಳುತ್ತಿತ್ತು. ಎರಡು ವಾರದ ಪರಿಚಯದವರ ಮೇಲೆ ಆ ಭಾರ ಹಾಕುವುದು ಸರಿಯಲ್ಲ. ಎರಡನೇ ಡ್ರಾಫ್ಟ್ ಇದಕ್ಕೆ ಉಲ್ಟಾ: ‘ಹಾಯ್, ಸ್ವಲ್ಪ ಬಿಜಿ ಇದ್ದೆ, ಆಮೇಲೆ ಸಿಗೋಣ.’ ‘ಆಮೇಲೆ’ ಅಂದರೆ ನಮ್ಮಲ್ಲಿ ‘ಬೇಡ’ ಅಂತಲೇ ಅರ್ಥ. ಹುಡುಗಿ ನೋಡಿ ಬಂದವರು ‘ಊರಿಗೆ ಹೋಗಿ ತಿಳಿಸ್ತೀವಿ’ ಅನ್ನೋ ಥರ.

ಕೊನೆಗೆ ಕಳಿಸಿದ್ದು ಇದು:

‘ಮೂರು ವಾರದಿಂದ ರಿಪ್ಲೈ ಮಾಡಿಲ್ಲ, ಕ್ಷಮಿಸಿ. ನೀವು ಆ ಮೆಸೇಜ್ ಕಳಿಸಿದ ರಾತ್ರಿ ನಮ್ಮಜ್ಜಿ ತೀರಿಕೊಂಡ್ರು, ಊರಲ್ಲಿದ್ದೆ. ನಿಮ್ಮ ಮಾತಿಗೂ ನಾನು ಸುಮ್ಮನಾಗಿದ್ದಕ್ಕೂ ಸಂಬಂಧ ಇಲ್ಲ. ಈಗಲೂ ಹರಟೆ ಹೊಡೆಯೋ ಮನಸ್ಸಿಲ್ಲ, ಇಂಟರ್ನಲ್ಸ್ ಬೇರೆ ಬಾಕಿ ಇವೆ. 20ನೇ ತಾರೀಖು ಭಾನುವಾರ ನಾನೇ ಮೆಸೇಜ್ ಮಾಡ್ತೀನಿ, ಮುಂದುವರಿಸೋಣ ಅನ್ನಿಸಿದ್ರೆ ಮಾತಾಡೋಣ. ಅಷ್ಟರಲ್ಲಿ ಬೇರೆಯವರು ಸಿಕ್ಕಿದ್ರೂ ಬೇಜಾರಿಲ್ಲ. ಹುಚ್ಚೆಳ್ಳು ಚಟ್ನಿ.’

ಇದರಲ್ಲಿ ಎರಡು ವಿಷಯ ಮುಖ್ಯ ಅಂತ ನನ್ನ ಅಭಿಪ್ರಾಯ. ಒಂದು, ತಾರೀಖು. ಮೊದಲು ‘ನಾಳೆಯಿಂದ ಮಾತಾಡೋಣ’ ಅಂತ ಬರೆದಿದ್ದೆ. ಆದರೆ ನಾಳೆ ಆಗಲ್ಲ ಅಂತ ನನಗೇ ಗೊತ್ತಿತ್ತು, ಎರಡನೇ ಸಲ ಮಾಯವಾದರೆ ಮೊದಲನೆಯದನ್ನೂ ಯಾರೂ ನಂಬಲ್ಲ. ಆದ್ದರಿಂದ ಹತ್ತು ದಿನ ಮುಂದಕ್ಕೆ ಹಾಕಿದೆ. ಎರಡು, ‘ಬೇಜಾರಿಲ್ಲ’ ಅನ್ನೋ ಸಾಲು. ಸಾವಿನ ಸುದ್ದಿ ಕೇಳಿದವರು ‘ಆಗಲ್ಲ’ ಅನ್ನೋಕೆ ಹಿಂಜರಿಯುತ್ತಾರೆ. ಹಾಗೆ ಕರುಣೆಗೆ ಬರುವ ‘ಹ್ಞೂಂ’ ಇಬ್ಬರಿಗೂ ಬೇಡ. ಆ ಬಾಗಿಲನ್ನು ತೆರೆದಿಡಬೇಕಾದವರು ನಾವೇ.

ಅಟೆಂಡೆನ್ಸ್ ಅಜ್ಜಿಯರ ಸಮಸ್ಯೆಗೆ ಪ್ರೂಫ್ ಕಳಿಸುವುದು ಪರಿಹಾರ ಅಲ್ಲ. ಶ್ರದ್ಧಾಂಜಲಿ ಕಾರ್ಡಿನ ಫೋಟೋ ಹಾಕೋಣ ಅಂದುಕೊಂಡಿದ್ದೆ, ಅಸಹ್ಯ ಅನ್ನಿಸಿ ಬಿಟ್ಟೆ. ನಂಬಿಕೆ ಬರೋದು ಆಮೇಲಿನ ನಡವಳಿಕೆಯಿಂದ. ‘ಮನಸ್ಸಿಲ್ಲ’ ಅಂತ ಬರೆದು ಅದೇ ವಾರ ಪ್ರೊಫೈಲಿಗೆ ಹೊಸ ಫೋಟೋ ಹಾಕಿದರೆ ಅಜ್ಜಿಯ ಆಣೆಗೂ ಯಾರೂ ನಂಬಲ್ಲ.

ನಿಜ ಹೇಳಬೇಕೆಂದರೆ ನಾನು ತಡ ಮಾಡಿದೆ. ಊರಿನಿಂದಲೇ, ಹಾಲು-ತುಪ್ಪದ ದಿನ ಸಂಜೆ, ‘ಮನೇಲಿ ಸಾವಾಗಿದೆ, ಕೆಲವು ವಾರ ಇರಲ್ಲ’ ಅಂತ ಒಂದೇ ಸಾಲು ಕಳಿಸಿದ್ದರೆ ಮೂರು ವಾರದ ಗೊಂದಲವೇ ಇರುತ್ತಿರಲಿಲ್ಲ. ಫೋನ್ ಕೈಯಲ್ಲೇ ಇತ್ತು.

ಎರಡು ದಿನ ಬಿಟ್ಟು ಉತ್ತರ ಬಂತು: ‘ಚಟ್ನಿ ಅಜ್ಜಿ ಮಾಡ್ತಿದ್ರಾ? 20ಕ್ಕೆ ಹೇಳಿ.’

ಹೌದು, ಅಜ್ಜಿಯೇ ಮಾಡುತ್ತಿದ್ದುದು. 20ಕ್ಕೆ ಹೇಳ್ತೀನಿ.