ಅಕ್ಷತೆಯಿಂದ ಹಿಂದಕ್ಕೆ ಎಣಿಸಿದ ಮದುವೆ

ತಂಗಿಯ ಮದುವೆ ಮೇ 3, ಭಾನುವಾರ, ಸನವಳ್ಳಿಯ ಮನೆಯಂಗಳದಲ್ಲೇ ಅಂತ ಗೊತ್ತಾದ ದಿನ ನಾನು ಬೆಂಗಳೂರಲ್ಲಿ ಕೂತು ಫೋನಲ್ಲಿ ಒಂದು ದೊಡ್ಡ ಪಟ್ಟಿ ಮಾಡಿದೆ. ಅಡುಗೆಯವರಿಗೆ ಫೋನ್ ಹಚ್ಚಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ತಮ್ಮಾ, ಉಣ್ಣಾಕ ಎಷ್ಟ್ ಮಂದಿ ಬರ್ತಾರ, ಅದನ್ನ ಮೊದಲ ಹೇಳು." ನನ್ನ ಪಟ್ಟಿಯಲ್ಲಿ ಎಲ್ಲಾ ಇತ್ತು, ಅದೊಂದು ಇರಲಿಲ್ಲ. ಹಾಗಾಗಿ ಪಟ್ಟಿ ಅಳಿಸಿ, ಭಾನುವಾರದ ಊಟದ ಪಂಕ್ತಿಯಿಂದ ಹಿಂದಕ್ಕೆ ಎಣಿಸುತ್ತಾ ಬಂದೆ.

ಕೊನೇ ವಾರದಲ್ಲಿ ಹೊಸ ಕೆಲಸ ಏನೂ ಇಟ್ಟುಕೊಳ್ಳಲಿಲ್ಲ. ಗುರುವಾರಕ್ಕೆ ಹಂದರ ಮುಗಿಯಬೇಕು, ತರಕಾರಿ, ಹಾಲು, ಮೊಸರಿನ ಲೆಕ್ಕ ಅಂದೇ ಹೇಳಬೇಕು. ಇವು ಉಳಿದರೆ ಕೆಡುತ್ತವೆ, ಹಾಗಾಗಿ ಲೆಕ್ಕ ಆದಷ್ಟು ತಡವಾಗಿ, ಆದಷ್ಟು ಸರಿಯಾಗಿ ಕೊಡಬೇಕು. ದಿನಸಿ ಹಾಗಲ್ಲ. ಹತ್ತು ದಿನ ಮೊದಲೇ ತರಬಹುದು, ಒಡೆಯದ ಚೀಲ ವಾಪಸ್ ತಗೊಳ್ತೀರಾ ಅಂತ ಅಂಗಡಿಯವರನ್ನು ಮೊದಲೇ ಕೇಳಿಟ್ಟರೆ ಸಾಕು. ಅಡುಗೆಯವರ ಲೆಕ್ಕ ನೂರು ಮಂದಿಗೆ ಹತ್ತು ಕೆ.ಜಿ. ಅಕ್ಕಿ.

ಆದರೆ ಮಂದಿಯನ್ನು ಎಣಿಸೋದು ಹೇಗೆ? ಊರಲ್ಲಿ ಯಾರೂ ಬರ್ತೀನಿ, ಬರಲ್ಲ ಅಂತ ತಿಳಿಸೋದಿಲ್ಲ. ಹೆಸರು ಬರೆಯುತ್ತಾ ಹೋದರೆ ಪಟ್ಟಿ ಸಾವಿರ ದಾಟುತ್ತದೆ. ನಮ್ಮ ಕಾಕಾ ಮನೆ ಲೆಕ್ಕ ಹಿಡಿದರು. ಊರಲ್ಲೂ ಸುತ್ತಲೂ 210 ಮನೆ, ಮನೆಗೆ ಸರಾಸರಿ ಇಬ್ಬರಂತೆ 420. ಬೀಗರ ಕಡೆಯಿಂದ 150. ದೂರದಿಂದ ಬಂದು ಉಳಿಯೋರು 90. ಒಟ್ಟು 660. ಅಡುಗೆಗೆ ಅಷ್ಟೇ ಹೇಳಿದೆವು, ಅಕ್ಕಿ ಮಾತ್ರ 25 ಕೆ.ಜಿ.ಯ ನಾಲ್ಕು ಚೀಲ ತಂದೆವು.

ಇನ್ನು ಈ 210 ಮನೆಗೆ ಕರೆಯೋಲೆ. ವಾಟ್ಸಾಪ್ ಕಾರ್ಡ್ ಸಾಕು ಅನ್ನೋದು ನನ್ನ ಭ್ರಮೆ. "ಮೊಬೈಲ್‌ನಾಗ ಕಂಡೆವು, ಮನಿಗೆ ಬಂದು ಕರೀಲಿಲ್ಲ" ಅನ್ನೋ ಮಾತು ಹತ್ತು ವರ್ಷ ಕಳೆದರೂ ಉಳಿಯುತ್ತದೆ. ಕುಂಕುಮ ಹಚ್ಚಿ, ಅಕ್ಕಿಕಾಳು ಕೊಟ್ಟು, ಚಹಾ ಕುಡಿದು ಏಳುವಷ್ಟರಲ್ಲಿ ದಿನಕ್ಕೆ 25 ಮನೆ ದಾಟೋದಿಲ್ಲ. ವಾರಾಂತ್ಯಕ್ಕೆ 50 ಅಂದರೂ ನಾಲ್ಕು ವಾರಾಂತ್ಯ ಆಗಿ ಹತ್ತು ಮನೆ ಉಳಿಯುತ್ತವೆ, ಅವಕ್ಕೂ ಹುಬ್ಬಳ್ಳಿ, ಶಿರಸಿ ಕಡೆಯ ನೆಂಟರಿಗೂ ಇನ್ನೊಂದು. ಮದುವೆಯ ಹಿಂದಿನ ವಾರಾಂತ್ಯ ಖಾಲಿ ಬಿಟ್ಟು ಎಣಿಸಿದರೆ ಮಾರ್ಚ್ 21ಕ್ಕೆ ಹೊರಡಬೇಕಾಯಿತು. 19ಕ್ಕೆ ಯುಗಾದಿ. ಅಂದರೆ ಕಾರ್ಡು ಹಬ್ಬಕ್ಕೆ ಮೊದಲೇ ಕೈಗೆ ಬರಬೇಕು, ಯಾರ ಹೆಸರು ಮೇಲೆ, ಯಾರದು ಕೆಳಗೆ ಅನ್ನೋ ಜಗಳ ಮಾರ್ಚ್ 10ರೊಳಗೆ ಮುಗಿಯಬೇಕು. (ಮುಗಿದದ್ದು 12ಕ್ಕೆ. ದೊಡ್ಡಪ್ಪನ ಹೆಸರಿನ ಹಿಂದಿನ 'ಶ್ರೀ' ಬಿಟ್ಟುಹೋಗಿತ್ತು.) ರವಿಕೆ ಬಟ್ಟೆಯೂ ಅದೇ ಹೊತ್ತಿಗೆ ಟೇಲರ್ ಕೈ ಸೇರಿರಬೇಕು, ಏಪ್ರಿಲ್‌ನಲ್ಲಿ ಹೋದರೆ ಯಾರೂ ಹಿಡಿಯೋದಿಲ್ಲ.

ಆದರೆ ದೂರದ ಆ 90 ಮಂದಿಗೆ ಕಾರ್ಡಿನ ತನಕ ಕಾಯೋದಕ್ಕೆ ಆಗಲಿಲ್ಲ. ರೈಲು ಟಿಕೆಟ್ ಬುಕಿಂಗ್ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರ್‌ವರೆಗೆ 120 ದಿನ ಇತ್ತು. ಮೇ 1, ಶುಕ್ರವಾರ, ಕಾರ್ಮಿಕರ ದಿನದ ರಜೆ. ಹಾಗಾಗಿ ಬೆಂಗಳೂರಿನ ಅರ್ಧ ಜನ ಏಪ್ರಿಲ್ 30ರ ರಾತ್ರಿಯೇ ರೈಲು ಹತ್ತೋರು. ಹುಬ್ಬಳ್ಳಿಗೆ ಆ ರಾತ್ರಿಯ ಟಿಕೆಟ್ ತೆರೆದದ್ದು ಮಾರ್ಚ್ 1ರ ಬೆಳಿಗ್ಗೆ 8ಕ್ಕೆ, ಮೇ 3ರ ರಾತ್ರಿ ವಾಪಸಿನದು ಮಾರ್ಚ್ 4ಕ್ಕೆ. ಫೆಬ್ರವರಿ ಕೊನೆಯಲ್ಲೇ ಎಲ್ಲರಿಗೂ ಈ ಎರಡು ತಾರೀಖು ಕಳಿಸಿದೆ. ಇದಕ್ಕೆ ವಾಟ್ಸಾಪ್ ಸಾಕು. ಯಾರು ಟಿಕೆಟ್ ತೆಗೆದರೋ ಅವರು ಖಂಡಿತ ಬರ್ತಾರೆ ಅನ್ನೋ ಲೆಕ್ಕವೂ ಅಲ್ಲೇ ಸಿಕ್ಕಿತು.

ಮೂರು ತಿಂಗಳ ಹಿಂದೆ, ಫೆಬ್ರವರಿ ಮೊದಲ ವಾರದಲ್ಲಿ, ಹಾಗಾದರೆ ಉಳಿದದ್ದೇನು? ಊರಿಗೆಲ್ಲ ಬೇಕಾದ, ಆದರೆ ಒಂದು ದಿನಕ್ಕೆ ಒಂದೇ ಮನೆಗೆ ಸಿಗುವವರು: ಅಡುಗೆಯವರು, ಭಟ್ಟರು, ಹಂದರದವರು. ಈ ವರ್ಷ ಮೇ 17ರಿಂದ ಅಧಿಕ ಜ್ಯೇಷ್ಠ, ಆ ತಿಂಗಳು ಮದುವೆ ಮಾಡೋದಿಲ್ಲ. ಅದಕ್ಕೇ ಎಲ್ಲರ ಮದುವೆಯೂ ಅದಕ್ಕೆ ಮೊದಲೇ ಒತ್ತರಿಸಿಕೊಂಡು ಬಂದಿತ್ತು. ಮೂವರಿಗೂ ಒಂದೇ ದಿನ ಮುಂಗಡ ಕೊಟ್ಟೆವು.

ಹಂದರಕ್ಕೆ ನಾನು ಬಣ್ಣದ ಬಟ್ಟೆಯದು ಆರಿಸಿದ್ದೆ, ಫೋಟೋಕ್ಕೆ ಚೆಂದ ಅಂತ. ಕಾಕಾ ಬಿಡಲಿಲ್ಲ. "ಮುಂಡಗೋಡ ಕಡೆ ಮೇ ತಿಂಗಳಾಗ ಅಡ್ಡಮಳಿ ಹೇಳಿ ಕೇಳಿ ಬರ್ತೈತೇನು? ಮ್ಯಾಲೆ ತಗಡ ಹಾಕ್ಸು, ಕೆಳಗ ನಿನ್ನ ಬಟ್ಟಿ ಕಟ್ಕೋ." ಶನಿವಾರ ರಾತ್ರಿ ಅರಿಶಿನ ಮುಗಿಯುವ ಹೊತ್ತಿಗೆ ಗಾಳಿ ಎದ್ದು, ಕರೆಂಟ್ ಹೋಗಿ, ಒಂದು ತಾಸು ಆಲಿಕಲ್ಲು ಸಮೇತ ಸುರಿಯಿತು. ತಗಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಕ್ಕಿ ಚೀಲಗಳು ಅದರ ಕೆಳಗೇ ಇದ್ದವು. ಸೋಮವಾರ ನಾಲ್ಕನೆಯದನ್ನು, ಹೊಲಿಗೆ ಬಿಚ್ಚದೆ, ಅಂಗಡಿಗೆ ವಾಪಸ್ ಕೊಟ್ಟುಬಂದೆ.