ತಲೆನೋವಿನ ಮಾತ್ರೆಗಿಂತ ಮೊದಲು ಟ್ಯೂಬ್ ನೋಡಿ

ಕುಮಾರಸ್ವಾಮಿ ಲೇಔಟಿನ ಒಂದು ಮನೆ ಅಂದುಕೊಳ್ಳಿ. ಕುತ್ತಿಗೆ ಹತ್ತಿರ ಬೆನ್ನುಹುರಿಗೆ ಪೆಟ್ಟಾದ ಅಣ್ಣ ಹಾಸಿಗೆ ಹಿಡಿದಿದ್ದಾರೆ, ಮೂತ್ರಕ್ಕೆ ಟ್ಯೂಬ್ ಹಾಕಿದೆ. ರಾತ್ರಿ ಇದ್ದಕ್ಕಿದ್ದಂತೆ ತಲೆ ಸಿಡಿಯೋ ಹಾಗೆ ನೋವು, ಮುಖ ಕೆಂಪು, ಹಣೆ ತುಂಬ ಬೆವರು. ಬಿಪಿ 140. 'ಇದೇನು ಅಷ್ಟು ಜಾಸ್ತಿ ಅಲ್ವಲ್ಲ' ಅಂತ ಮಾತ್ರೆ ಕೊಟ್ಟು ಮಲಗಿಸಿದರೆ ಅಪಾಯ.

ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರ ಮಾಮೂಲಿ ಬಿಪಿ ಸಾಮಾನ್ಯವಾಗಿ 90ರಿಂದ 110ರ ಒಳಗೇ ಇರುತ್ತೆ. ಅದಕ್ಕಿಂತ 20-40 ಏರಿದರೂ ತುರ್ತು ಸ್ಥಿತಿ. ಮೂತ್ರಕೋಶ ತುಂಬಿ ಬಿಗಿದಾಗ ಪೆಟ್ಟಿನ ಕೆಳಗಿನ ರಕ್ತನಾಳಗಳು ಬಿಗಿಯಾಗುತ್ತವೆ. ಅವನ್ನು ಸಡಿಲಿಸೋ ಮೆದುಳಿನ ಆಜ್ಞೆ ಪೆಟ್ಟು ದಾಟಿ ಕೆಳಗೆ ಹೋಗಲ್ಲ. ಬಿಪಿ ಏರುತ್ತಲೇ ಹೋಗಿ ಪಾರ್ಶ್ವವಾಯುವೂ ಆಗಬಹುದು.

ಮೊದಲು ಅವರನ್ನು ನೆಟ್ಟಗೆ ಕೂರಿಸಿ, ಕಾಲು ಕೆಳಗೆ ಇಳಿಬಿಡಿ. ಬಿಗಿ ಬಟ್ಟೆ, ಬೆಲ್ಟ್ ಸಡಿಲಿಸಿ. ಆಮೇಲೆ ಟ್ಯೂಬ್ ಎಲ್ಲಾದರೂ ಮಡಚಿದೆಯಾ, ಮೈಕೆಳಗೆ ಸಿಕ್ಕಿದೆಯಾ, ಬ್ಯಾಗ್ ತುಂಬಿದೆಯಾ ನೋಡಿ. ಮೂತ್ರ ಹರಿದರೆ ಬಿಪಿ ಇಳಿಯುತ್ತೆ. ಐದೈದು ನಿಮಿಷಕ್ಕೆ ನೋಡ್ತಿರಿ.

ಟ್ಯೂಬ್ ಸರಿ ಇದ್ದರೆ ಮುಂದಿನ ಅನುಮಾನ ಕಟ್ಟಿಕೊಂಡ ಮಲ. ತರಬೇತಿ ಇಲ್ಲದೆ ಬೆರಳು ಹಾಕಬೇಡಿ, ಬಿಪಿ ಇನ್ನೂ ಏರಬಹುದು. ಮೂತ್ರ ಹರಿಯದಿದ್ದರೆ, ಬಿಪಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. 'ಬೆನ್ನುಹುರಿ ಪೆಟ್ಟು, ಮಾಮೂಲಿ ಬಿಪಿ 100, ಈಗ 140' ಅಂತ ಸ್ಪಷ್ಟವಾಗಿ ಹೇಳಿ.

ಮಾಮೂಲಿ ಬಿಪಿಯನ್ನು ಇವತ್ತೇ ನೋಡಿ, ಮಂಚದ ಪಕ್ಕ ಬರೆದು ಅಂಟಿಸಿ. ಮಲವಿಸರ್ಜನೆಗೆ ದಿನವೂ ಅಥವಾ ದಿನ ಬಿಟ್ಟು ದಿನ, ಊಟವಾಗಿ ಅರ್ಧ ಗಂಟೆಗೆ, ಒಂದೇ ಹೊತ್ತು ಅಭ್ಯಾಸ ಮಾಡಿಸಿ.